ಎಷ್ಟು ನಿಮಿಷ ತಪ್ಪಬಹುದು?

ನಮ್ಮಲ್ಲಿ ಗೀಸರ್ ಎಂದರೆ ಬಚ್ಚಲುಮನೆಯ ಗೋಡೆಗೆ ತೂಗುಹಾಕಿದ ಬಿಳಿ ಡಬ್ಬ. ಆ ಪದ ಹುಟ್ಟಿದ್ದು ಐಸ್‌ಲ್ಯಾಂಡಿನಲ್ಲಿ, ನೆಲದೊಳಗಿಂದ ಆಗಾಗ ಚಿಮ್ಮುವ ಒಂದು ಬಿಸಿನೀರಿನ ಬುಗ್ಗೆಯ ಹೆಸರಿನಿಂದ. ಅಂಥ ಬುಗ್ಗೆಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವುದು ಅಮೆರಿಕದ ವಯೋಮಿಂಗ್ ರಾಜ್ಯದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿದೆ. 1870ರಲ್ಲಿ ಅಲ್ಲಿಗೆ ಬಂದ ವಾಷ್‌ಬರ್ನ್ ತಂಡದವರು ಅದಕ್ಕೆ ‘ಓಲ್ಡ್ ಫೇತ್‌ಫುಲ್’ ಎಂದು ಹೆಸರಿಟ್ಟರು. ನಂಬಿಗಸ್ತ ಮುದುಕ ಎನ್ನಬಹುದು. ಅದು ಹೇಳಿದ ಹೊತ್ತಿಗೆ ತಪ್ಪದೆ ಚಿಮ್ಮುತ್ತದೆ ಎಂಬ ಮೆಚ್ಚುಗೆ ಆ ಹೆಸರಿನಲ್ಲಿದೆ.

ಮುದುಕ ಅಷ್ಟೇನೂ ಗಡಿಯಾರದಂತೆ ನಡೆಯುವುದಿಲ್ಲ. ಒಮ್ಮೆ ಚಿಮ್ಮಿದ ಮೇಲೆ ಮತ್ತೆ ಚಿಮ್ಮಲು ಕೆಲವೊಮ್ಮೆ ಒಂದು ಗಂಟೆ ಬೇಕು, ಕೆಲವೊಮ್ಮೆ ಒಂದೂವರೆ ಗಂಟೆಯೂ ಆಗಬಹುದು. ನೋಡಲು ಬಂದವರು ಬುಗ್ಗೆಯ ಸುತ್ತ ಬೆಂಚುಗಳ ಮೇಲೆ ಕಾಯುತ್ತಾರೆ. ಮುಂದಿನ ಚಿಮ್ಮುವಿಕೆ ಎಷ್ಟು ಹೊತ್ತಿಗೆ ಎಂದು ಉದ್ಯಾನದವರು ಪ್ರಕಟಿಸುತ್ತಾರೆ, ಜೊತೆಗೆ ‘ಹತ್ತು ನಿಮಿಷ ಹಿಂದೆ ಮುಂದೆ’ ಎಂಬ ಮಾತನ್ನೂ ಸೇರಿಸುತ್ತಾರೆ. ನನಗೆ ಆ ಹೊತ್ತಿಗಿಂತ ಈ ಹತ್ತು ನಿಮಿಷದ ಮಾತೇ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಕಾಫಿ ಕುಡಿದು ಬರಲು ಸಮಯವಿದೆಯೇ ಎಂದು ಲೆಕ್ಕ ಹಾಕುವವನಿಗೆ ಬೇಕಾದದ್ದು ಅದೇ.

ಅಂಥ ಸಂಖ್ಯೆಯನ್ನು ಸಂಖ್ಯಾಶಾಸ್ತ್ರ ಹೇಗೆ ಲೆಕ್ಕ ಹಾಕುತ್ತದೆ ಎಂದು ಈ ಬುಗ್ಗೆಯನ್ನೇ ಇಟ್ಟುಕೊಂಡು ನೋಡಬಹುದು. ಇದರ 272 ಚಿಮ್ಮುವಿಕೆಗಳ ದಾಖಲೆಯೊಂದು ಸಂಖ್ಯಾಶಾಸ್ತ್ರದವರು ಬಳಸುವ ‘ಆರ್’ ಎಂಬ ತಂತ್ರಾಂಶದ ಜೊತೆಗೇ ಉಚಿತವಾಗಿ ಬರುತ್ತದೆ, `faithful` ಎಂಬ ಹೆಸರಿನಲ್ಲಿ. ಅದರಲ್ಲಿರುವುದು ಎರಡೇ ಕಂಬಸಾಲು. ಚಿಮ್ಮುವಿಕೆ ಎಷ್ಟು ನಿಮಿಷ ನಡೆಯಿತು ಎಂಬುದು ಒಂದು, ಮುಂದಿನದಕ್ಕೆ ಎಷ್ಟು ನಿಮಿಷ ಕಾಯಬೇಕಾಯಿತು ಎಂಬುದು ಇನ್ನೊಂದು.

ಎರಡಕ್ಕೂ ನಂಟಿದೆ, ಅದಕ್ಕೆ ಕಾರಣವೂ ಸರಳ. ಹೆಚ್ಚು ಹೊತ್ತು ಚಿಮ್ಮಿದರೆ ಒಳಗಿನ ನೀರೂ ಶಾಖವೂ ಹೆಚ್ಚು ಖರ್ಚಾಗುತ್ತವೆ. ಮತ್ತೆ ತುಂಬಿಕೊಂಡು ಕಾಯಲು ಹೆಚ್ಚು ಹೊತ್ತು ಬೇಕು. ಎರಡು ನಿಮಿಷಕ್ಕೇ ನಿಂತುಹೋದರೆ ಒಳಗೆ ಇನ್ನೂ ಬಿಸಿನೀರು ಉಳಿದಿರುತ್ತದೆ, ಮುಂದಿನದು ಬೇಗ ಬರುತ್ತದೆ. ಈ ನಂಟನ್ನು ಒಂದು ನೇರ ಗೆರೆಯಾಗಿ ಬರೆದರೆ ಅದಕ್ಕೆ ರಿಗ್ರೆಷನ್ ಗೆರೆ ಎನ್ನುತ್ತಾರೆ. ಆರ್‌ನಲ್ಲಿ ಇದಕ್ಕೆ ಎರಡು ಸಾಲು ಸಾಕು:

```
fit <- lm(waiting ~ eruptions, data = faithful)
summary(fit)
```

ಉತ್ತರವಾಗಿ ಬರುವ ಗೆರೆ ಇದು: ಕಾಯಬೇಕಾದ ಹೊತ್ತು = 33.47 + 10.73 × ಚಿಮ್ಮಿದ ಹೊತ್ತು. ಎರಡು ನಿಮಿಷ ಚಿಮ್ಮಿ ನಿಂತರೆ ಸುಮಾರು 55 ನಿಮಿಷ ಕಾಯಬೇಕು. ನಾಲ್ಕೂವರೆ ನಿಮಿಷ ಚಿಮ್ಮಿದರೆ ಸುಮಾರು 82 ನಿಮಿಷ. ತೆರೆಯ ಕೊನೆಯಲ್ಲಿ ಈ ಸಾಲುಗಳೂ ಇರುತ್ತವೆ:

```
Residual standard error: 5.914 on 270 degrees of freedom
Multiple R-squared:  0.8115, Adjusted R-squared:  0.8108
```

ರೂಢಿಯಲ್ಲಿ ಎಲ್ಲರ ಕಣ್ಣೂ ಎರಡನೆಯ ಸಾಲಿಗೆ ಹೋಗುತ್ತದೆ. ಆರ್-ಸ್ಕ್ವೇರ್ಡ್ 0.81, ಅಂದರೆ ನೂರಕ್ಕೆ ಎಂಬತ್ತೊಂದು. ಪರೀಕ್ಷೆಯ ಅಂಕದ ಹಾಗೆ ಕಾಣುವುದರಿಂದ ನಮಗೆ ಅದರ ಮೇಲೆ ಸಲುಗೆ. ಮೇಲಿನ ಸಾಲಿನ 5.914 ಮಾತ್ರ ಅನಾಥವಾಗಿ ಉಳಿಯುತ್ತದೆ. ಬೆಂಚಿನ ಮೇಲೆ ಕೂತವನಿಗೆ ಬೇಕಾದ ಉತ್ತರ ಇರುವುದು ಆ ಅನಾಥ ಸಂಖ್ಯೆಯಲ್ಲಿ.

ಅದು ಹೇಗೆ ಬಂತು ಎಂದು ಕೈಯಾರೆ ನೋಡೋಣ. ದಾಖಲೆಯ ಮೊದಲ ಸಾಲಿನಲ್ಲಿ ಬುಗ್ಗೆ 3.6 ನಿಮಿಷ ಚಿಮ್ಮಿದೆ. ಗೆರೆಯ ಪ್ರಕಾರ 72.1 ನಿಮಿಷ ಕಾಯಬೇಕಿತ್ತು, ನಿಜಕ್ಕೂ ಕಾದದ್ದು 79 ನಿಮಿಷ. ಗೆರೆ 6.9 ನಿಮಿಷ ಕಡಿಮೆ ಹೇಳಿದೆ. ಎರಡನೆಯ ಸಾಲಿನಲ್ಲಿ 1.8 ನಿಮಿಷದ ಚಿಮ್ಮುವಿಕೆ, ಗೆರೆ ಹೇಳಿದ್ದು 52.8, ಕಾದದ್ದು 54. ಇಲ್ಲಿ ತಪ್ಪು 1.2 ನಿಮಿಷ ಮಾತ್ರ. ಆರನೆಯ ಸಾಲಿನಲ್ಲಿ ಗೆರೆ 64.4 ಎಂದಿತು, ಮುದುಕ 55ಕ್ಕೇ ಎದ್ದುಬಿಟ್ಟ. ಒಂಬತ್ತು ನಿಮಿಷಕ್ಕೂ ಹೆಚ್ಚಿನ ತಪ್ಪು, ಅದೂ ಕಾಫಿಗೆ ಹೋದವನಿಗೆ ಮೋಸವಾಗುವ ದಿಕ್ಕಿನಲ್ಲಿ. ನಡೆದದ್ದರಲ್ಲಿ ಗೆರೆ ಹೇಳಿದ್ದನ್ನು ಕಳೆದರೆ ಉಳಿಯುವ ಇಂಥ ಒಂದೊಂದು ವ್ಯತ್ಯಾಸಕ್ಕೂ ರೆಸಿಡ್ಯುಯಲ್ ಎಂದು ಹೆಸರು. ನಾವು ಉಳಿಕೆ ಎನ್ನೋಣ.

ಉಳಿಕೆಗಳನ್ನು ಹಾಗೇ ಕೂಡಿದರೆ ಹೆಚ್ಚು ಕಡಿಮೆಗಳು ಒಂದನ್ನೊಂದು ಹೊಡೆದುಹಾಕಿ ಸೊನ್ನೆ ಬರುತ್ತದೆ. ಅದಕ್ಕಾಗಿ ಒಂದೊಂದನ್ನೂ ವರ್ಗ ಮಾಡಿ ಕೂಡುತ್ತಾರೆ. 272 ಉಳಿಕೆಗಳ ವರ್ಗಗಳ ಮೊತ್ತ ಸುಮಾರು 9,443. ಅದನ್ನು 270ರಿಂದ ಭಾಗಿಸಿದರೆ ಸುಮಾರು 35. ಅದರ ವರ್ಗಮೂಲ 5.914. ಕೊನೆಯಲ್ಲಿ ವರ್ಗಮೂಲ ತೆಗೆಯುವುದರಲ್ಲೇ ಸ್ವಾರಸ್ಯವಿದೆ. ಉಳಿಕೆಗಳು ನಿಮಿಷದಲ್ಲಿದ್ದವು, ವರ್ಗ ಮಾಡಿದಾಗ ‘ನಿಮಿಷ ಗುಣಿಸು ನಿಮಿಷ’ ಎಂಬ, ಯಾವ ಗಡಿಯಾರದಲ್ಲೂ ಇಲ್ಲದ ಅಳತೆಗೆ ಹೋದವು. ವರ್ಗಮೂಲ ಅವನ್ನು ಮತ್ತೆ ನಿಮಿಷಕ್ಕೆ ಇಳಿಸಿತು. ಹಾಗಾಗಿ 5.914 ಎಂದರೆ 5.914 ನಿಮಿಷ.

272ರಿಂದ ಭಾಗಿಸುವ ಬದಲು 270 ಏಕೆ? ಗೆರೆ ಎಳೆಯುವಾಗ ಎರಡು ಸಂಖ್ಯೆಗಳನ್ನು, 33.47 ಮತ್ತು 10.73 ಅನ್ನು, ಇದೇ ದಾಖಲೆಗೆ ಹೊಂದುವಂತೆ ಆರಿಸಿಕೊಂಡೆವು. ಬಟ್ಟೆಯನ್ನು ನಮ್ಮ ಮೈಗೇ ಹೊಲಿಸಿಕೊಂಡ ಮೇಲೆ ಅದು ಚೆನ್ನಾಗಿ ಕೂತಿದೆ ಎಂದು ಬೀಗುವಂತಿಲ್ಲವಲ್ಲ, ಅದಕ್ಕೆ ತೆರುವ ಸಣ್ಣ ದಂಡ ಇದು. 272 ಸಾಲುಗಳಿದ್ದಾಗ ಈ ದಂಡ ಲೆಕ್ಕಕ್ಕಿಲ್ಲ. ಐದಾರು ಸಾಲು ಮಾತ್ರ ಇದ್ದರೆ ಜೋರಾಗಿ ತಟ್ಟುತ್ತದೆ, ತಟ್ಟಲೂ ಬೇಕು.

ಈಗ ಈ ಸಂಖ್ಯೆಯನ್ನು ಓದುವುದು. ಗೆರೆ ನಂಬಿ ಹೇಳಿದ ಹೊತ್ತು ಮಾಮೂಲಾಗಿ ಆರು ನಿಮಿಷದ ಆಸುಪಾಸಿನಲ್ಲಿ ತಪ್ಪುತ್ತದೆ ಎಂಬುದು ಒಂದೇ ಸಾಲಿನ ಅರ್ಥ. ಇದು ತಪ್ಪುಗಳ ನೇರ ಸರಾಸರಿಯಲ್ಲ. ವರ್ಗ ಮಾಡಿದಾಗ ದೊಡ್ಡ ತಪ್ಪುಗಳ ತೂಕ ಏರುವುದರಿಂದ ಇದು ಸರಾಸರಿಗಿಂತ ತುಸು ಹೆಚ್ಚೇ ಇರುತ್ತದೆ. ಇದು ಮೇಲ್ಮಿತಿಯೂ ಅಲ್ಲ. ಈ ದಾಖಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಾರಿ ತಪ್ಪು ನಾಲ್ಕೂವರೆ ನಿಮಿಷದೊಳಗೇ ಇದೆ, ಅತಿ ದೊಡ್ಡ ತಪ್ಪು ಮಾತ್ರ ಹದಿನಾರು ನಿಮಿಷ ಮುಟ್ಟಿದೆ. ಉಳಿಕೆಗಳು ಗಂಟೆಯಾಕಾರದಲ್ಲಿ ಹರಡಿವೆ ಎಂದುಕೊಂಡರೆ ಈ 5.914ರ ಒಂದು ಪಟ್ಟಿನೊಳಗೆ ಸುಮಾರು ಮೂರರಲ್ಲಿ ಎರಡು ಪಾಲು, ಎರಡು ಪಟ್ಟಿನೊಳಗೆ ಸುಮಾರು ನೂರಕ್ಕೆ ತೊಂಬತ್ತೈದು ಪಾಲು ಬರುತ್ತವೆ. ಹತ್ತರಲ್ಲಿ ಒಂಬತ್ತು ಬಾರಿ ಸರಿಯಾಗಬೇಕೆಂದರೆ 1.645ರಿಂದ ಗುಣಿಸಬೇಕು. 5.914 ಗುಣಿಸು 1.645 ಎಂದರೆ 9.7 ನಿಮಿಷ. ಉದ್ಯಾನದವರ ‘ಹತ್ತು ನಿಮಿಷ ಹಿಂದೆ ಮುಂದೆ’ಗೆ ಇದು ಎಷ್ಟು ಹತ್ತಿರ ನೋಡಿ. ಅವರು ಇದೇ ಗೆರೆಯಿಂದ ಅದನ್ನು ತೆಗೆದರು ಎಂದಲ್ಲ. ಬುಗ್ಗೆಯ ಚಂಚಲತೆ ಎಷ್ಟೋ, ಯಾರು ಅಳೆದರೂ ಅಷ್ಟರ ಹತ್ತಿರವೇ ಬರಬೇಕಲ್ಲ.

ಹಾಗಾದರೆ ನೂರಕ್ಕೆ ಎಂಬತ್ತೊಂದು ಎಂಬುದು ಏನನ್ನು ಹೇಳುತ್ತದೆ?

ಅದು ಉತ್ತರಿಸುವ ಪ್ರಶ್ನೆಯೇ ಬೇರೆ. ಬುಗ್ಗೆ ಎಷ್ಟು ಹೊತ್ತು ಚಿಮ್ಮಿತು ಎಂಬುದೇ ಗೊತ್ತಿಲ್ಲದ ಒಬ್ಬನನ್ನು ಕಲ್ಪಿಸಿಕೊಳ್ಳಿ. ಯಾವಾಗ ಕೇಳಿದರೂ ಅವನು ಸರಾಸರಿಯನ್ನೇ ಹೇಳುತ್ತಾನೆ, 71 ನಿಮಿಷ ಎಂದು. ಅವನ ತಪ್ಪನ್ನು ಹೀಗೇ ಅಳೆದರೆ 13.6 ನಿಮಿಷ ಬರುತ್ತದೆ. ಕಾಯುವ ಹೊತ್ತಿನ ಮಾನಕ ವಿಚಲನೆ ಎಂದು ಪಠ್ಯಪುಸ್ತಕ ಕರೆಯುವುದು ಇದನ್ನೇ. ಗೆರೆ ಇಟ್ಟುಕೊಂಡವನ ತಪ್ಪು 5.9. ಈ ಸೋಮಾರಿಯ ಎದುರು ಗೆರೆ ಎಷ್ಟು ಗೆದ್ದಿತು ಎಂಬುದೇ ಆರ್-ಸ್ಕ್ವೇರ್ಡ್. ಆದರೆ ಆ ಹೋಲಿಕೆ ನಡೆಯುವುದು ವರ್ಗಗಳ ಲೋಕದಲ್ಲಿ. 5.914 ಅನ್ನು 13.595ರಿಂದ ಭಾಗಿಸಿ, ವರ್ಗ ಮಾಡಿ, ಒಂದರಿಂದ ಕಳೆಯಿರಿ. ಬರುವುದು 0.8108, ತೆರೆಯ ಮೇಲೆ ‘ಅಡ್ಜಸ್ಟೆಡ್’ ಎಂದಿರುವ ಸಂಖ್ಯೆ ತಾನೇ ತಾನಾಗಿ. ಮೇಲೆ ಹೇಳಿದ ಸಣ್ಣ ದಂಡವನ್ನು ಕೈಬಿಟ್ಟು ಲೆಕ್ಕ ಹಾಕಿದರೆ 0.8115.

ಇಲ್ಲೇ ಒಂದು ಸಾಮಾನ್ಯ ಎಡವು. ನೂರಕ್ಕೆ 81 ಎಂದು ಕೇಳಿದ ಕೂಡಲೇ ತಪ್ಪು ನೂರಕ್ಕೆ 81ರಷ್ಟು ಕಡಿಮೆಯಾಯಿತು ಎಂದು ಮನಸ್ಸು ಅರ್ಥ ಮಾಡಿಕೊಳ್ಳುತ್ತದೆ. ನಿಮಿಷಗಳಲ್ಲಿ ನೋಡಿದರೆ ತಪ್ಪು 13.6ರಿಂದ 5.9ಕ್ಕೆ ಇಳಿದಿದೆ, ಅಂದರೆ ನೂರಕ್ಕೆ 56ರಷ್ಟು. ಒಳ್ಳೆಯ ಇಳಿಕೆಯೇ, ಆದರೆ 81 ಅಲ್ಲ. ವರ್ಗ ಮಾಡಿದ ಲೋಕದ ಶೇಕಡಾವನ್ನು ಗಡಿಯಾರದ ಲೋಕಕ್ಕೆ ತಂದರೆ ಲಾಭ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತಲೂ ತಮಾಷೆಯದು. ಪ್ರಶ್ನೆಯನ್ನು ತಿರುಗಿಸಿ: ಕಾದ ಹೊತ್ತನ್ನು ನೋಡಿ, ಹಿಂದಿನ ಸಲ ಬುಗ್ಗೆ ಎಷ್ಟು ಹೊತ್ತು ಚಿಮ್ಮಿತ್ತು ಎಂದು ಊಹಿಸಿ. ಹೊಸ ಗೆರೆಯ ಆರ್-ಸ್ಕ್ವೇರ್ಡ್ ಮತ್ತೆ ಅದೇ 0.8115. ಒಂದೇ ಒಂದು ಅಂಕಿಯೂ ಬದಲಾಗುವುದಿಲ್ಲ, ಏಕೆಂದರೆ ಒಂದೇ ಕಾರಣವಿರುವ ನೇರ ಗೆರೆಯಲ್ಲಿ ಅದು ಎರಡು ಸಂಖ್ಯೆಗಳ ನಡುವಿನ ನಂಟಿನ ಅಳತೆ, ನಂಟಿಗೆ ದಿಕ್ಕಿಲ್ಲ. ಆದರೆ ರೆಸಿಡ್ಯುಯಲ್ ಸ್ಟ್ಯಾಂಡರ್ಡ್ ಎರರ್ 5.914ರಿಂದ 0.4965ಕ್ಕೆ ಬೀಳುತ್ತದೆ. ಊಹೆ ಹನ್ನೆರಡು ಪಟ್ಟು ಚುರುಕಾಯಿತೇ? ಇಲ್ಲ. ಈಗ ನಾವು ಊಹಿಸುತ್ತಿರುವುದೇ ಒಂದೂವರೆಯಿಂದ ಐದು ನಿಮಿಷದೊಳಗಿನ ಸಂಗತಿ. ಅದರಲ್ಲಿ ಅರ್ಧ ನಿಮಿಷ ತಪ್ಪುವುದು ಸಹಜ. ಮೊದಲಿನ ಲೆಕ್ಕವನ್ನು ಸೆಕೆಂಡಿನಲ್ಲಿ ಬರೆದರೂ ಹೀಗೇ ಆಗುತ್ತದೆ, 5.914 ಹೋಗಿ ಸುಮಾರು 355 ಬರುತ್ತದೆ, 0.8115 ಮಾತ್ರ ಅಲ್ಲಾಡುವುದಿಲ್ಲ. ಆದ್ದರಿಂದ ಈ ಸಂಖ್ಯೆ ದೊಡ್ಡದೋ ಚಿಕ್ಕದೋ ಎಂದು ಅದೊಂದನ್ನೇ ನೋಡಿ ಹೇಳಲಾಗದು. ಯಾವುದರ ಊಹೆ, ಯಾವ ಅಳತೆಯಲ್ಲಿ, ಆ ತಪ್ಪಿನಿಂದ ಯಾರಿಗೆ ಏನು ನಷ್ಟ ಎಂದು ಕೇಳಬೇಕು. ಇದನ್ನು ಕೆಲವರು ಅದರ ಕೊರತೆ ಎನ್ನುತ್ತಾರೆ. ನನಗೆ ಅದೇ ಗುಣ ಎನ್ನಿಸುತ್ತದೆ, ಏಕೆಂದರೆ ಅಳತೆ ಬಿಟ್ಟು ಅದು ಮಾತಾಡುವುದೇ ಇಲ್ಲ.

ಎರಡರ ನಡುವಿನ ನಿಜವಾದ ಜಗಳ ಇರುವುದು ಮುಂದೆ. ದಾಖಲೆಯನ್ನು ಕಾಗದದ ಮೇಲೆ ಚುಕ್ಕಿಗಳಾಗಿ ಹಾಕಿ ನೋಡಿದರೆ ಅವು ಒಂದೇ ಗುಂಪಾಗಿ ಹರಡಿಲ್ಲ. ಎರಡು ಹಿಂಡುಗಳಿವೆ. ಎರಡು ನಿಮಿಷದ ಸುತ್ತಮುತ್ತ ಮುಗಿಯುವ ಗಿಡ್ಡ ಚಿಮ್ಮುವಿಕೆಗಳು ಒಂದು ಕಡೆ, ಅವುಗಳ ನಂತರ ಸರಾಸರಿ 54 ನಿಮಿಷ ಕಾಯಬೇಕು. ನಾಲ್ಕು ನಿಮಿಷ ದಾಟುವ ಉದ್ದದವು ಇನ್ನೊಂದು ಕಡೆ, ಅವುಗಳ ನಂತರ ಸರಾಸರಿ 80 ನಿಮಿಷ. ನಡುವೆ ಚುಕ್ಕಿಗಳು ಬಲು ವಿರಳ.

ಈಗ ಉದ್ದದವುಗಳನ್ನು ಮಾತ್ರ ಇಟ್ಟುಕೊಂಡು ಗೆರೆ ಎಳೆಯಿರಿ. ಆರ್-ಸ್ಕ್ವೇರ್ಡ್ ನೂರಕ್ಕೆ 81ರಿಂದ ಸುಮಾರು 14ಕ್ಕೆ ಕುಸಿಯುತ್ತದೆ. ಅಂಕಪಟ್ಟಿಯಾಗಿ ಓದುವವನು ಇದನ್ನು ನಪಾಸು ಎನ್ನುತ್ತಾನೆ. ಪಕ್ಕದ ಸಾಲು ನೋಡಿ, ರೆಸಿಡ್ಯುಯಲ್ ಸ್ಟ್ಯಾಂಡರ್ಡ್ ಎರರ್ ಸುಮಾರು 5.6 ನಿಮಿಷ. ಅಂದರೆ ಬೆಂಚಿನ ಮೇಲೆ ಕೂತವನ ಪಾಲಿಗೆ ಏನೂ ಕೆಡಲಿಲ್ಲ, ಕೂದಲೆಳೆಯಷ್ಟು ಒಳ್ಳೆಯದೇ ಆಯಿತು. ಬದಲಾದದ್ದು ಎದುರಾಳಿ. ಉದ್ದದವುಗಳ ಗುಂಪಿನಲ್ಲಿ ಕಾಯುವ ಹೊತ್ತು ತಾನಾಗಿಯೇ 80ರ ಸುತ್ತ ಆರು ನಿಮಿಷದಷ್ಟೇ ಹರಡಿದೆ. ಅಲ್ಲಿ ‘80’ ಎಂದು ಸುಮ್ಮನೆ ಹೇಳುತ್ತ ಕೂತ ಸೋಮಾರಿಯೂ ಆರು ನಿಮಿಷದ ಆಸುಪಾಸಿನಲ್ಲೇ ತಪ್ಪುತ್ತಾನೆ. ಅವನನ್ನು ಸೋಲಿಸಲು ಗೆರೆಗೆ ಜಾಗವೇ ಇಲ್ಲ.

ಇದರಿಂದ ಮೊದಲಿನ 81ರ ಗುಟ್ಟೂ ಹೊರಬೀಳುತ್ತದೆ. ಆ ಅಂಕವನ್ನು ಬಹುಪಾಲು ಗಳಿಸಿಕೊಟ್ಟದ್ದು ಎರಡು ಹಿಂಡುಗಳ ನಡುವಿನ ದೂರ. ಗೆರೆಯನ್ನೇ ಎಸೆದು, ‘ಗಿಡ್ಡವಾದರೆ 54, ಉದ್ದವಾದರೆ 80’ ಎಂಬ ಹಳ್ಳಿ ಲೆಕ್ಕ ಇಟ್ಟುಕೊಂಡರೂ ತಪ್ಪು ಸುಮಾರು 6 ನಿಮಿಷ. ಎರಡು ದಶಾಂಶದ ಸಂಖ್ಯೆಗಳಿರುವ ಗೆರೆ ಅದಕ್ಕಿಂತ ಹೆಚ್ಚಿನದೇನನ್ನೂ ಸಾಧಿಸಲಿಲ್ಲ. ಈ ಸಂಗತಿ ನಿಮಿಷಗಳಲ್ಲಿ ಇಟ್ಟು ನೋಡಿದಾಗ ಕಣ್ಣಿಗೆ ಹೊಡೆಯುತ್ತದೆ, ಶೇಕಡಾದಲ್ಲಿ ಅಡಗಿಕೊಳ್ಳುತ್ತದೆ. ಎರಡು ಬೇರೆ ಊರುಗಳ, ಎರಡು ಬೇರೆ ಕಾಲಗಳ ಆರ್-ಸ್ಕ್ವೇರ್ಡ್‌ಗಳನ್ನು ಪಕ್ಕ ಪಕ್ಕ ಇಟ್ಟು ಯಾವ ಲೆಕ್ಕ ಮೇಲು ಎಂದು ತೀರ್ಪು ಕೊಡುವವರು ನೆನಪಿಡಬೇಕಾದದ್ದು ಇದನ್ನೇ. ಹೆಚ್ಚು ಹರಡಿಕೊಂಡ ದಾಖಲೆ ಇರುವವನಿಗೆ ಆ ಅಂಕ ಸುಲಭವಾಗಿ ಸಿಗುತ್ತದೆ.

ಹೆಸರಿನ ಬಗ್ಗೆಯೂ ಒಂದು ಮಾತು. ರೆಸಿಡ್ಯುಯಲ್ ಸ್ಟ್ಯಾಂಡರ್ಡ್ ಎರರ್ ಎಂಬ ಹೆಸರೇ ಗೊಂದಲದ್ದು. ಆರ್ ತಂತ್ರಾಂಶದ ಸಹಾಯ ಪುಟದಲ್ಲಿ, `sigma` ಎಂಬ ಆಜ್ಞೆಯ ವಿವರಣೆಯಲ್ಲಿ, ಇದು ತಪ್ಪು ಹೆಸರೆಂದೂ ಈಗಾಗಲೇ ಎಲ್ಲೆಡೆ ಸೇರಿಹೋಗಿರುವುದರಿಂದ ಬದಲಿಸುವುದು ಸುಲಭವಲ್ಲವೆಂದೂ ತಯಾರಿಸಿದವರೇ ಒಪ್ಪಿಕೊಂಡಿದ್ದಾರೆ. ನಮ್ಮೂರುಗಳಲ್ಲಿ ಹೊಸ ಬಸ್‌ಸ್ಟ್ಯಾಂಡ್ ಐವತ್ತು ವರ್ಷ ಹಳೆಯದಾದರೂ ಹೊಸ ಬಸ್‌ಸ್ಟ್ಯಾಂಡೇ ಆಗಿರುವ ಹಾಗೆ.

ಗೊಂದಲ ಏನೆಂದರೆ, ಸ್ಟ್ಯಾಂಡರ್ಡ್ ಎರರ್ ಎಂಬ ಮಾತು ಸಾಮಾನ್ಯವಾಗಿ ಬೇರೆಯದಕ್ಕೆ ಸಲ್ಲುತ್ತದೆ. ಗೆರೆಯ ಇಳಿಜಾರು 10.73 ಎಂದೆವಲ್ಲ, ಅದು ಎಷ್ಟು ಅನಿಶ್ಚಿತ ಎಂದು ಹೇಳುವ ಸ್ಟ್ಯಾಂಡರ್ಡ್ ಎರರ್ ಅದೇ ತೆರೆಯಲ್ಲಿದೆ, 0.31 ಎಂದು. ಚಿಮ್ಮುವಿಕೆಗಳ ಸಂಖ್ಯೆಯನ್ನು ನೂರು ಪಟ್ಟು ಹೆಚ್ಚಿಸಿದರೆ ಆ 0.31 ಹತ್ತರಲ್ಲೊಂದು ಪಾಲಾಗುತ್ತದೆ. 5.914 ಮಾತ್ರ ಇದ್ದಲ್ಲೇ ಇರುತ್ತದೆ. ಹೆಚ್ಚು ಗಮನಿಸಿದರೆ ಗೆರೆ ಎಲ್ಲಿದೆ ಎಂಬುದು ನಮಗೆ ಖಚಿತವಾಗುತ್ತದೆ, ಬುಗ್ಗೆ ಗೆರೆಯ ಮಾತು ಕೇಳಲು ಶುರು ಮಾಡುವುದಿಲ್ಲ. ಅದನ್ನು ಕಡಿಮೆ ಮಾಡಬೇಕೆಂದರೆ ಇನ್ನಷ್ಟು ಸಾಲುಗಳನ್ನು ಸೇರಿಸಿ ಪ್ರಯೋಜನವಿಲ್ಲ, ಚಿಮ್ಮಿದ ಹೊತ್ತಿನ ಜೊತೆಗೆ ಹೊಸ ಸುಳಿವೊಂದನ್ನು ಸೇರಿಸಬೇಕು. ಸಂಶೋಧನೆಯ ವರದಿಗಳಲ್ಲಿ 0.31ರಂಥ ಚಿಕ್ಕ ಸಂಖ್ಯೆಯನ್ನು ತೋರಿಸಿ ಊಹೆ ಅಷ್ಟು ನಿಖರ ಎಂಬ ಭಾವನೆ ಹುಟ್ಟಿಸುವುದು ಬೇಕೆಂದೇ ಅಲ್ಲದಿದ್ದರೂ ಆಗಾಗ ನಡೆಯುತ್ತದೆ. ಒಂದೊಂದು ಚಿಮ್ಮುವಿಕೆಯನ್ನು ಕಾಯುವವನಿಗೆ ಸಲ್ಲುವುದು ದೊಡ್ಡ ಸಂಖ್ಯೆ.

5.914 ಅನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಒಂದೇ ಸಂಖ್ಯೆ ಕೊಡುವಾಗ ಅದು ಗೆರೆಯ ಉದ್ದಕ್ಕೂ ತಪ್ಪು ಒಂದೇ ಅಗಲದ್ದು ಎಂದುಕೊಂಡಿರುತ್ತದೆ. ನಮ್ಮ ಬುಗ್ಗೆಯಲ್ಲಿ ಅದು ನಡೆಯುತ್ತದೆ, ಗಿಡ್ಡದವುಗಳ ನಂತರವೂ ಉದ್ದದವುಗಳ ನಂತರವೂ ಹರಡುವಿಕೆ ಆರು ನಿಮಿಷದ ಹತ್ತಿರವೇ. ಮನೆಗಳ ಬೆಲೆ, ಜನರ ಸಂಬಳದಂಥವುಗಳಲ್ಲಿ ನಡೆಯುವುದಿಲ್ಲ. ಅಲ್ಲಿ ಸಣ್ಣ ಮೊತ್ತಗಳಲ್ಲಿ ತಪ್ಪು ಸಣ್ಣದು, ದೊಡ್ಡ ಮೊತ್ತಗಳಲ್ಲಿ ದೊಡ್ಡದು. ಒಂದೇ ಸಂಖ್ಯೆ ಹೇಳಿದರೆ ಬಡವನ ಮನೆಗೆ ಹೆಚ್ಚಾಗಿ, ಬಂಗಲೆಗೆ ಕಡಿಮೆಯಾಗಿ ಕೂರುತ್ತದೆ. ಪರೀಕ್ಷಿಸುವ ದಾರಿ ಸುಲಭ. ಗೆರೆ ಹೇಳಿದ್ದನ್ನು ಅಡ್ಡಕ್ಕೆ, ಉಳಿಕೆಗಳನ್ನು ಉದ್ದಕ್ಕೆ ಇಟ್ಟು ಚುಕ್ಕಿ ಹಾಕಿ. ಚುಕ್ಕಿಗಳು ಒಂದೇ ಅಗಲದ ಪಟ್ಟಿಯಾಗಿ ಕಂಡರೆ ಸರಿ, ಮೊರದಂತೆ ಒಂದು ಕಡೆ ಅಗಲವಾದರೆ ಆ ಒಂದು ಸಂಖ್ಯೆಯನ್ನು ಎಲ್ಲರಿಗೂ ಹಂಚುವಂತಿಲ್ಲ. ಮೊರದ ಕಾಟ ತಪ್ಪಿಸಲು ಬೆಲೆಯ ಲಾಗರಿದಮ್ ತೆಗೆದುಕೊಂಡು ಗೆರೆ ಎಳೆಯುವವರಿದ್ದಾರೆ. ಆಗ ರೆಸಿಡ್ಯುಯಲ್ ಸ್ಟ್ಯಾಂಡರ್ಡ್ ಎರರ್ ರೂಪಾಯಿಯಲ್ಲಿರುವುದಿಲ್ಲ. 0.1 ಎಂದು ಬಂದರೆ ಅದನ್ನು ಬೆಲೆಯ ನೂರಕ್ಕೆ ಹತ್ತರಷ್ಟು ಎಂದು ಸರಿಸುಮಾರಾಗಿ ಓದಬೇಕು.

ಬುಗ್ಗೆಯ ವಿಷಯದಲ್ಲಿ ಈ ಸಂಖ್ಯೆ ಕೈಕೊಡುವುದು ಬೇರೆ ಕಡೆ. ಅದು ತಾನು ಹುಟ್ಟಿದ ದಾಖಲೆಯ ಮೇಲಷ್ಟೇ ಪ್ರಮಾಣ ಮಾಡಬಲ್ಲದು. ಯೆಲ್ಲೋಸ್ಟೋನ್ ಭೂಕಂಪದ ಸೀಮೆ. 1959ರಲ್ಲಿ ಹೆಬ್ಗೆನ್ ಸರೋವರದ ಬಳಿ, 1983ರಲ್ಲಿ ಇಡಾಹೋದ ಬೋರಾ ಶಿಖರದ ಬಳಿ ನೆಲ ನಡುಗಿದ ಮೇಲೆ ಓಲ್ಡ್ ಫೇತ್‌ಫುಲ್‌ನ ಅಂತರ ಹಿಗ್ಗಿತು. ನಮ್ಮ ದಾಖಲೆಯಲ್ಲಿ ಸರಾಸರಿ ಕಾಯುವಿಕೆ 71 ನಿಮಿಷ, ಅತಿ ಹೆಚ್ಚೆಂದರೆ 96. ಈಗ ಅದರ ಸರಾಸರಿಯೇ ಒಂದೂವರೆ ಗಂಟೆಯ ಆಸುಪಾಸು. ನಾಲ್ಕೂವರೆ ನಿಮಿಷ ಚಿಮ್ಮಿ ನಿಂತ ಬುಗ್ಗೆಯ ಮುಂದೆ ಇವತ್ತು ಈ ಹಳೆಯ ಗೆರೆ ಹಿಡಿದು ಕೂತವನು 82 ನಿಮಿಷಕ್ಕೆ ಕ್ಯಾಮೆರಾ ಎತ್ತುತ್ತಾನೆ, ಕೈ ನೋಯುವವರೆಗೂ ಎತ್ತಿಕೊಂಡೇ ಇರುತ್ತಾನೆ. ಮುಂದಿನ ಸಲವೂ ತಪ್ಪು ಅದೇ ದಿಕ್ಕಿನಲ್ಲಿರುತ್ತದೆ, ಅದರ ಮುಂದಿನ ಸಲವೂ. ಉಳಿಕೆಗಳು ಒಮ್ಮೆ ಆಚೆ ಒಮ್ಮೆ ಈಚೆ ಬೀಳುವುದನ್ನು ಬಿಟ್ಟು ಒಂದೇ ಕಡೆ ಬೀಳತೊಡಗಿದರೆ ಗೆರೆ ಹಳತಾಗಿದೆ ಎಂದು ಅರ್ಥ. ಅವನ ಜೇಬಿನ ಕಾಗದದಲ್ಲಿ ಮಾತ್ರ ಆಗಲೂ 5.914 ಎಂದೇ ಬರೆದಿರುತ್ತದೆ.